‘ದುಡ್ಡು ಕೊಡ್ಬೇಕಾ ಮೇಡಂ?’

‘ಹಾಯ್ ಮೇಡಂ. ನಿಮ್ಮನ್ನ ಏನಾದ್ರೂ ಕೇಳ್ಬೇಕು ಅಂದ್ರೆ ದುಡ್ಡು ಕೊಡ್ಬೇಕಾ?’

ತಾಲ್ಲೂಕು ಕಾನೂನು ಸೇವಾ ಸಮಿತಿಯ ಅರೆಕಾನೂನು ಸ್ವಯಂಸೇವಕಿಯ ಮೊಬೈಲಿಗೆ ಹೀಗೊಂದು ಸಂದೇಶ ಬಂತೆನ್ನಿ. ಕಳಿಸಿದವರ ಹೆಸರಿಲ್ಲ, ಊರಿಲ್ಲ, ಕಷ್ಟ ಏನೆಂಬುದೂ ಇಲ್ಲ. ಗಂಡನ ಮನೆ ಬಿಟ್ಟು ಬಂದು, ಮಗುವಿನ ಖರ್ಚಿಗೆ ಜೀವನಾಂಶ ಕೇಳಬೇಕೆಂದಿರುವ ಹೆಣ್ಣುಮಗಳು ಅವರು. ವಕೀಲರೆಂದರೆ ಫೀಸು ಎಂಬ ಭಯ ಅವರಿಗೆ ಮೊದಲಿನಿಂದಲೂ ಇದೆ.

‘ಮೊದಲು ನಿಮ್ಮ ಸಮಸ್ಯೆ ಹೇಳಿ’ ಎಂದು ಬರೆದರೆ ಕೆಲಸ ಕೆಟ್ಟಂತೆ. ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲ ಎಂದರೆ, ಕೊನೆಗೆ ಬಿಲ್ ಬರುತ್ತದೆ ಎಂದೇ ಅವರು ತಿಳಿಯುತ್ತಾರೆ. ‘ಎಲ್ಲಾ ಫ್ರೀ’ ಎಂಬ ಉತ್ತರವೂ ಸರಿಯಲ್ಲ. ಜೆರಾಕ್ಸಿಗೋ ಬಸ್ಸಿಗೋ ಕೈಯಿಂದ ಖರ್ಚಾದ ದಿನ ಆ ಮಾತಿನ ಮೇಲಿನ ನಂಬಿಕೆ ಹೋಗುತ್ತದೆ.

ಉತ್ತರ ಹೀಗಿದ್ದರೆ ಚೆನ್ನ: ‘ನಮಸ್ಕಾರ ಅಮ್ಮ. ಇಲ್ಲ, ನನಗೆ ಏನೂ ಕೊಡಬೇಕಾಗಿಲ್ಲ. ಮುಂದೆ ಕೇಸು ಹಾಕಬೇಕಾಗಿ ಬಂದು ಅರ್ಜಿ ಮಂಜೂರಾದರೆ ವಕೀಲರ ಫೀಸನ್ನು ಸಮಿತಿಯೇ ಕೊಡುತ್ತೆ. ಕಚೇರಿಗೆ ಬಂದು ಹೋಗುವ ಖರ್ಚು ಮಾತ್ರ ನಿಮ್ಮದು. ಯಾವ ವಿಷಯಕ್ಕೆ ಸಹಾಯ ಬೇಕು?’

‘ಇಲ್ಲ’ ಎಂಬುದು ನಮಸ್ಕಾರದ ಬೆನ್ನಿಗೇ ಬಂದಿದೆ. ಇವತ್ತಿನ ಮಾತಿಗೆ ಎಷ್ಟು, ನಾಳಿನ ಕೇಸಿಗೆ ಎಷ್ಟು ಎಂಬುದನ್ನು ಬೇರೆಬೇರೆಯಾಗಿ ಹೇಳಿದೆ. ಕೊನೆಗೆ ಒಂದೇ ಪ್ರಶ್ನೆ. ಆಧಾರ್, ಮದುವೆ ದಾಖಲೆ, ವಿಳಾಸ ಎಂದು ಮೊದಲ ಉಸಿರಿನಲ್ಲೇ ಕೇಳಿದರೆ ಎಂಥವರೂ ಹಿಂದೆ ಸರಿಯುತ್ತಾರೆ.

ಸ್ವಯಂಸೇವಕಿ ಇಷ್ಟು ಧೈರ್ಯವಾಗಿ ಹೇಳುವುದಕ್ಕೆ ಕಾನೂನಿನ ಆಧಾರವಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು ಉಚಿತ ಕಾನೂನು ನೆರವಿಗೆ ಅರ್ಹರು. ಇವರ ಆದಾಯ ಎಷ್ಟೆಂದು ಕೇಳುವಂತಿಲ್ಲ. ಹಾಗಾಗಿ ಈ ಹೆಣ್ಣುಮಗಳಿಗೆ ಸಣ್ಣ ಸಂಬಳದ ಕೆಲಸವಿದ್ದರೂ ಅಡ್ಡಿಯಿಲ್ಲ. ಇದೇ ಪ್ರಶ್ನೆಯನ್ನು ಈ ಪಟ್ಟಿಯಲ್ಲಿಲ್ಲದ ಗಂಡಸೊಬ್ಬರು ಕೇಳಿದರೆ ಉತ್ತರ ಬದಲಾಗುತ್ತದೆ. ಮಾತಾಡುವುದಕ್ಕೆ ಅವರೂ ಏನೂ ಕೊಡಬೇಕಿಲ್ಲ. ವಕೀಲರು ಉಚಿತವಾಗಿ ಸಿಗುತ್ತಾರೋ ಇಲ್ಲವೋ ಎಂಬುದು ಮಾತ್ರ ವಾರ್ಷಿಕ ಆದಾಯದ ಮಿತಿಯ ಮೇಲೆ ನಿಂತಿರುತ್ತದೆ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೇಸಿನಲ್ಲಿ ಹುರುಳಿದೆಯೇ ಎಂದು ಪ್ರಾಧಿಕಾರ ನೋಡಿದ ಮೇಲೆಯೇ ನೆರವು ಮಂಜೂರಾಗುತ್ತದೆ ಎಂಬುದನ್ನೂ ಮುಚ್ಚಿಡಬಾರದು.

ಒಂದು ಎಚ್ಚರಿಕೆಯ ಮಾತು ಎರಡನೇ ಸಂದೇಶದಲ್ಲಿ ಹೋಗಲೇಬೇಕು: ಸಮಿತಿ ನೇಮಿಸಿದ ಪ್ಯಾನೆಲ್ ವಕೀಲರು ಕಕ್ಷಿದಾರರಿಂದ ಫೀಸು ತೆಗೆದುಕೊಳ್ಳುವಂತಿಲ್ಲ. ‘ಪೇಪರ್ ಖರ್ಚಿಗೆ ಸ್ವಲ್ಪ ಕೊಡಿ’ ಎಂದು ಯಾರಾದರೂ ಕೈಚಾಚಿದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಾರ್ಯದರ್ಶಿಗೆ ದೂರು ಕೊಡಬಹುದು. ಕಚೇರಿ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. ಅಲ್ಲಿಗೆ ಹೋಗಲಾಗದವರಿಗೆ 15100 ಸಹಾಯವಾಣಿ ಇದೆ.