ಪದರ ಪದರವಾಗಿ ಕಟ್ಟಿದ ಗೋಳ

ಯುರೇನಿಯಂ ಪರಮಾಣುವಿನ ಬೀಜಕೇಂದ್ರದಲ್ಲಿ 92 ಪ್ರೋಟಾನ್‌ಗಳು ಒತ್ತೊತ್ತಾಗಿ ಕೂತಿವೆ. ಎಲ್ಲವೂ ಧನ ಆವೇಶದವು, ಹಾಗಾಗಿ ಒಂದನ್ನೊಂದು ದೂರ ತಳ್ಳುತ್ತವೆ. ಅವನ್ನು ದೂರದಿಂದ ತಂದು ಒಂದೆಡೆ ಸೇರಿಸಲು ಎಷ್ಟು ಶಕ್ತಿ ಬೇಕು?

ಬೀಜಕೇಂದ್ರವನ್ನು R ತ್ರಿಜ್ಯದ, ಒಳಗೆಲ್ಲ ಸಮನಾಗಿ Q ಆವೇಶ ತುಂಬಿದ ಗೋಳವೆಂದುಕೊಂಡು, ಈರುಳ್ಳಿಯಂತೆ ಪದರ ಪದರವಾಗಿ ಕಟ್ಟೋಣ. ಗೋಳ r ತ್ರಿಜ್ಯದವರೆಗೆ ಬೆಳೆದಾಗ ಅದರಲ್ಲಿರುವ ಆವೇಶ ಗಾತ್ರಕ್ಕೆ ತಕ್ಕಷ್ಟು:

q = Q r³/R³

ಅದರ ಮೇಲ್ಮೈಯಲ್ಲಿ ವಿಭವ kq/r, ಅಂದರೆ kQr²/R³. ಇಲ್ಲಿ k ಕೂಲಂಬ್ ಸ್ಥಿರಾಂಕ. ಮುಂದಿನ ತೆಳು ಪದರದ ಆವೇಶ 3Qr²dr/R³. ಇವೆರಡರ ಗುಣಲಬ್ಧವೇ ಆ ಪದರವನ್ನು ತರುವ ಕೆಲಸ:

dU = 3kQ² r⁴ dr/R⁶

ಸೊನ್ನೆಯಿಂದ R ವರೆಗೆ ಕೂಡಿಸಿದರೆ r⁴ ಇದ್ದಲ್ಲಿ R⁵/5 ಬರುತ್ತದೆ:

U = (3/5) kQ²/R

ಹಲವರು ಪೂರ್ಣ ಆವೇಶವನ್ನು ಕೊನೆಯ ವಿಭವದಿಂದ ಗುಣಿಸಿ kQ²/R ಎಂದು ಬರೆದುಬಿಡುತ್ತಾರೆ. ಆದರೆ ಮೊದಲ ಪದರಗಳು ಬಂದಾಗ ತಳ್ಳಲು ಒಳಗೆ ಹೆಚ್ಚು ಆವೇಶವೇ ಇರಲಿಲ್ಲ. 3/5 ಬಂದದ್ದು ಅದರಿಂದಲೇ.

ಯುರೇನಿಯಂ ಬೀಜಕೇಂದ್ರದ ತ್ರಿಜ್ಯ ಸುಮಾರು 7.4 ಫೆಮ್ಟೊಮೀಟರ್. ಲೆಕ್ಕ ಹಾಕಿದರೆ ಸುಮಾರು 990 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್. ಅದು ಎರಡು ಸಮ ಹೋಳಾಗಿ ದೂರ ಸರಿದರೆ ಈ ಶಕ್ತಿ ಸುಮಾರು 620ಕ್ಕೆ ಇಳಿಯುತ್ತದೆ. ಉಳಿದ 370ರಲ್ಲಿ ಒಂದು ಪಾಲು ಹೋಳುಗಳ ಹೆಚ್ಚಿದ ಮೇಲ್ಮೈಗೆ ಖರ್ಚಾಗುತ್ತದೆ. ಹೊರಬರುವುದು ಸುಮಾರು 200. 1939ರಲ್ಲಿ ಲೀಸ್ ಮೈಟ್ನರ್ ಮತ್ತು ಆಟೊ ಫ್ರಿಶ್ ಬೀಜ ವಿದಳನವನ್ನು ವಿವರಿಸಿದಾಗ ಹೇಳಿದ ಶಕ್ತಿಯೂ ಇಷ್ಟೇ.