ಕಿಟ್‌ಗೆ ಮುಂಗಡ ಕೊಡುವ ಮೊದಲು

ಹದಿನಾಲ್ಕು ವರ್ಷ ಓಡಿಸಿದ ಆಲ್ಟೊ ಮನೆ ಮುಂದೆ ನಿಂತಿದೆ. ಬಾಡಿ ಇನ್ನೂ ಗಟ್ಟಿ, ಇಂಜಿನ್ ಮಾತ್ರ ಹೊಗೆ ಉಗುಳುತ್ತಿದೆ. ಮಾರಲು ಹೋದರೆ ಲಕ್ಷ ಹುಟ್ಟುವುದೂ ಅನುಮಾನ. ಇಂಥ ಕಾರಿನ ಇಂಜಿನ್ ಕಳಚಿ ಮೋಟರು, ಬ್ಯಾಟರಿ ಕೂರಿಸುವ ವಿಡಿಯೊ ನೋಡಿದರೆ ಆಸೆ ಹುಟ್ಟುವುದು ಸಹಜ. ಕೆಲಸವೇನೂ ಅಂಥ ಬ್ರಹ್ಮವಿದ್ಯೆಯಲ್ಲ. ಹಳೆಯ ಗೇರ್‌ಬಾಕ್ಸನ್ನು ಹಾಗೇ ಉಳಿಸಿಕೊಂಡು, ಇಂಜಿನ್ ಇದ್ದ ಜಾಗಕ್ಕೆ ಮೋಟರು ಜೋಡಿಸುತ್ತಾರೆ. ಅನುಭವಸ್ಥ ಮೆಕ್ಯಾನಿಕ್ ಜೊತೆಗೆ ವೈರಿಂಗ್ ಬಲ್ಲವನೊಬ್ಬ ಇದ್ದರೆ ಕಾರು ಓಡುತ್ತದೆ. ತೊಡಕು ಇರುವುದು ಆ ಕಾರನ್ನು ರಸ್ತೆಗೆ ಇಳಿಸುವಲ್ಲಿ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೂ ಆರ್‌ಸಿ ಪುಸ್ತಕಕ್ಕೂ ತಾಳೆಯಾಗದಂತೆ ವಾಹನವನ್ನು ಬದಲಾಯಿಸುವಂತಿಲ್ಲ. ಆದರೆ ಅದೇ ಸೆಕ್ಷನ್‌ನಲ್ಲಿ ಒಂದು ಬಾಗಿಲು ತೆರೆದಿದೆ: ಬ್ಯಾಟರಿಯಿಂದ ಓಡುವಂತೆ ಕಿಟ್ ಅಳವಡಿಸಬಹುದು, ಕಿಟ್ ಮಾತ್ರ ನಿಯಮದಂತೆ ಅನುಮೋದನೆ ಪಡೆದಿರಬೇಕು. ಕಾರು 1990ರ ಜನವರಿ 1ರಂದು ಅಥವಾ ಆಮೇಲೆ ತಯಾರಾಗಿರಬೇಕು. ಕಿಟ್ ಕೂರಿಸುವವರು ಕಿಟ್ ಕಂಪನಿಯೇ ಅಧಿಕಾರ ಕೊಟ್ಟವರಾಗಿರಬೇಕು, ಬೀದಿಕೊನೆಯ ಗ್ಯಾರೇಜ್ ಸಲ್ಲದು.

ಬಹಳ ಜನ ಎಡವುವುದು 'ಅನುಮೋದನೆ' ಎಂಬಲ್ಲೇ. ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್‌ನಂಥ ಸಂಸ್ಥೆಗಳು ಎಐಎಸ್-123 ಎಂಬ ಮಾನದಂಡದ ಪ್ರಕಾರ ಕಿಟ್ಟನ್ನು ಪರೀಕ್ಷಿಸುತ್ತವೆ. ಪರೀಕ್ಷೆ ನಡೆಯುವುದು ಮೇಜಿನ ಮೇಲಿಟ್ಟ ಕಿಟ್‌ಗಲ್ಲ, ಒಂದು ನಿರ್ದಿಷ್ಟ ಮಾದರಿಯ ಕಾರಿಗೆ ಜೋಡಿಸಿದ ಕಿಟ್‌ಗೆ. ಹಾಗಾಗಿ ಡಿಜೈರ್‌ಗೆ ಸಿಕ್ಕ ಪ್ರಮಾಣಪತ್ರ ನಿಮ್ಮ ಆಲ್ಟೊಗೆ ಬರುವುದಿಲ್ಲ. ಅಪ್ಪನ ಕಾಲದ ಪ್ರೀತಿಯ ಮಾರುತಿ 800ಕ್ಕಾಗಿ ಯಾವ ಕಂಪನಿಯೂ ಪರೀಕ್ಷೆಯ ಖರ್ಚು ಹೊತ್ತಿಲ್ಲವಾದರೆ, ಅದನ್ನು ಬದಲಾಯಿಸುವ ಕಾನೂನುಬದ್ಧ ದಾರಿ ಅಲ್ಲಿಗೇ ಮುಚ್ಚಿತು. ಇನ್ನು, ಬ್ಯಾಟರಿಗೆ ಅಥವಾ ಮೋಟರಿಗೆ ಮಾತ್ರ ಸಿಕ್ಕ ಪರೀಕ್ಷಾ ವರದಿಯನ್ನು ಮುಂದಿಟ್ಟು 'ಎಆರ್‌ಎಐ ಅಪ್ರೂವ್ಡ್' ಎನ್ನುವ ಮಾರಾಟಗಾರರೂ ಇದ್ದಾರೆ. ಆದ್ದರಿಂದ ಪ್ರಮಾಣಪತ್ರದ ಪ್ರತಿಯನ್ನೇ ಕೇಳಿ ಪಡೆಯಿರಿ. ಅದರಲ್ಲಿ ಎಐಎಸ್-123 ಎಂದಿದೆಯೇ, ನಿಮ್ಮ ಕಾರಿನ ಮಾದರಿಯ ಹೆಸರಿದೆಯೇ, ಅವಧಿ ಮುಗಿದಿಲ್ಲವೇ ಎಂದು ಓದಿ. ಅನುಮೋದನೆ ನಡೆಯುವುದು ಮೂರು ವರ್ಷ ಮಾತ್ರ. ಪ್ರತಿ ಕೊಡಲು 'ನಾಳೆ ಬನ್ನಿ' ಎನ್ನುವವರ ಬಳಿ ವ್ಯವಹಾರ ಬೇಡ.

ಪ್ರಮಾಣಪತ್ರ ಸರಿಯಿದ್ದರೆ ಮುಂದಿನ ಹೆಜ್ಜೆ ಆರ್‌ಟಿಒ ಕಚೇರಿಯ ಪೂರ್ವಾನುಮತಿ. ಕಾರಿನ ಮೇಲೆ ಸಾಲವಿದ್ದರೆ ಬ್ಯಾಂಕಿನ ಲಿಖಿತ ಒಪ್ಪಿಗೆಯೂ ಬೇಕು. ಕಿಟ್ ಕೂರಿಸಿದ ಮೇಲೆ ಇನ್‌ಸ್ಪೆಕ್ಟರ್ ನೋಡಿ ಒಪ್ಪಿದರೆ ಆರ್‌ಸಿಯಲ್ಲಿ ಇಂಧನದ ವಿವರ ಬದಲಾಗುತ್ತದೆ, ಇಂಜಿನ್ ನಂಬರಿನ ಜಾಗಕ್ಕೆ ಮೋಟರಿನ ನಂಬರು ಬರುತ್ತದೆ, ನಂಬರ್ ಪ್ಲೇಟ್ ಹಸಿರಾಗುತ್ತದೆ. ಕಾರಿಗೆ 15 ವರ್ಷ ತುಂಬುತ್ತ ಬಂದಿದ್ದರೆ ಎಫ್‌ಸಿ ಮಾಡಿಸಿ ನೋಂದಣಿ ನವೀಕರಿಸುವ ಖರ್ಚು ಬೇರೆ. ತಳದ ತಗಡು ತುಕ್ಕು ತಿಂದಿದ್ದರೆ ಈ ಯೋಚನೆಯನ್ನೇ ಬಿಡುವುದು ಒಳ್ಳೆಯದು. ನೂರಕ್ಕೂ ಹೆಚ್ಚು ಕಿಲೊ ತೂಗುವ ಬ್ಯಾಟರಿಯ ಭಾರ ಹೊರಬೇಕಾದದ್ದು ಅದೇ ತಗಡು.

ಈಗ ಲೆಕ್ಕಕ್ಕೆ ಬರೋಣ. ಆಲ್ಟೊದಂಥ ಕಾರಿಗೆ 15 ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿ ಹಾಕಿಸಿದಿರಿ ಎನ್ನಿ. ಕೊನೆಯ ಹನಿಯವರೆಗೆ ಬಳಸಲು ಬರುವುದಿಲ್ಲವಾದ್ದರಿಂದ ಕೈಗೆ ಸಿಗುವುದು 13 ಯೂನಿಟ್ ಚಿಲ್ಲರೆ. ಇಬ್ಬರೇ ಕೂತು, ಎಸಿ ಹಾಕದೆ ಊರೊಳಗೆ ಸಾವಧಾನವಾಗಿ ಓಡಿಸಿದರೆ 100 ಕಿ.ಮೀ.ಗೆ 11 ಯೂನಿಟ್ ಸಾಕು, ಅಂದರೆ ಸುಮಾರು 115 ಕಿ.ಮೀ. ಓಡುತ್ತದೆ. ಜಾಹೀರಾತಿನಲ್ಲಿ ಕಾಣುವುದು ಈ ಸಂಖ್ಯೆ, ಇಲ್ಲವೇ ಇದಕ್ಕಿಂತ ದೊಡ್ಡದು. ಎಸಿ ಹಾಕಿ ನಾಲ್ವರು ಕೂತರೆ 90 ಕಿ.ಮೀ. ಸಿಕ್ಕಿದರೆ ಪುಣ್ಯ. ಕೆಲವು ವರ್ಷ ಕಳೆದು ಬ್ಯಾಟರಿಯ ಶಕ್ತಿ ನೂರಕ್ಕೆ ಎಂಬತ್ತಕ್ಕೆ ಇಳಿದಾಗ ಅದೇ ಓಟ 70ರ ಆಸುಪಾಸಿಗೆ ಬರುತ್ತದೆ. ಘಾಟಿ ರಸ್ತೆಯ ಕಥೆ ಬೇರೆ. ಸೋಮೇಶ್ವರದಿಂದ ಆಗುಂಬೆಗೆ ಸುಮಾರು 500 ಮೀಟರ್ ಏರು. ಜನರೂ ಸೇರಿ 1,200 ಕಿಲೊ ತೂಗುವ ಕಾರನ್ನು ಅಷ್ಟು ಎತ್ತರಕ್ಕೆ ಎತ್ತಲೆಂದೇ ಹತ್ತಿರಹತ್ತಿರ 2 ಯೂನಿಟ್ ಹೆಚ್ಚುವರಿ ಖರ್ಚಾಗುತ್ತದೆ, ಸಮತಟ್ಟಾದ ರಸ್ತೆಯ 17 ಕಿ.ಮೀ. ಓಟ ಅಲ್ಲೇ ಹೋಯಿತು. ಹೆದ್ದಾರಿಯ ಫಾಸ್ಟ್ ಚಾರ್ಜರನ್ನು ನಂಬುವ ಮುನ್ನ ನಿಮ್ಮ ಕಿಟ್‌ಗೆ ಆ ಸೌಲಭ್ಯವಿದೆಯೇ ಎಂದು ಕೇಳಿ. ಇಲ್ಲವಾದರೆ ಮನೆಯ 15 ಆಂಪಿಯರ್ ಪ್ಲಗ್ಗೇ ಗತಿ, ಖಾಲಿ ಬ್ಯಾಟರಿ ತುಂಬಲು ಐದಾರು ಗಂಟೆ.

ಖರ್ಚು? ಸಣ್ಣ ಕಾರಿಗೆ 4ರಿಂದ 6 ಲಕ್ಷದವರೆಗೆ ಹೇಳುತ್ತಾರೆ. ಕಡಿಮೆ ಹೇಳುವವರು ಏನನ್ನು ಬಿಟ್ಟಿದ್ದಾರೆಂದು ನೋಡಬೇಕು. ಇಂಜಿನ್ ಹೋದಾಗ ಅದರ ಬೆಲ್ಟಿನಿಂದ ತಿರುಗುತ್ತಿದ್ದ ಎಸಿ ಕಂಪ್ರೆಸರ್ ನಿಲ್ಲುತ್ತದೆ. ಇಂಜಿನ್ ಹೀರುತ್ತಿದ್ದ ಗಾಳಿಯ ಬಲದಿಂದ ಕೆಲಸ ಮಾಡುತ್ತಿದ್ದ ಬ್ರೇಕ್ ಬೂಸ್ಟರ್ ಕೂಡ ಸುಮ್ಮನಾಗುತ್ತದೆ, ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಇವಕ್ಕೆ ವಿದ್ಯುತ್ ಕಂಪ್ರೆಸರ್, ವ್ಯಾಕ್ಯೂಮ್ ಪಂಪ್ ಬೇರೆಯಾಗಿ ಹಾಕಬೇಕು. ಕೊಟೇಶನ್‌ನಲ್ಲಿ ಈ ಎರಡರ ಹೆಸರೂ ಇರಲಿ. ಜಿಎಸ್‌ಟಿ ಸೇರಿದೆಯೇ ಎಂದೂ ಕೇಳಿ: ಹೊಸ ವಿದ್ಯುತ್ ಕಾರಿಗಿರುವ ಶೇ 5ರ ದರ ಬಿಡಿ ಲಿಥಿಯಂ ಬ್ಯಾಟರಿಗಿಲ್ಲ, ಅದಕ್ಕೆ ಶೇ 18.

ಒಟ್ಟು 5 ಲಕ್ಷ ಆಯಿತೆನ್ನೋಣ. ಪೆಟ್ರೋಲ್ 103 ರೂಪಾಯಿ, ಮೈಲೇಜ್ 16 ಎಂದಾದರೆ ಕಿ.ಮೀ.ಗೆ ಆರೂವರೆ ರೂಪಾಯಿ. ಯೂನಿಟ್‌ಗೆ 7 ರೂಪಾಯಿಯ ಮನೆಯ ಕರೆಂಟಿನಲ್ಲಿ, ಚಾರ್ಜರಿನಲ್ಲಿ ಸೋರುವುದನ್ನೂ ಸೇರಿಸಿ, 90 ಪೈಸೆ. ಕಿ.ಮೀ.ಗೆ ಐದೂವರೆ ರೂಪಾಯಿ ಉಳಿದರೂ ಹಾಕಿದ ದುಡ್ಡು ಹುಟ್ಟಲು 90,000 ಕಿ.ಮೀ. ಓಡಬೇಕು. ದಿನಕ್ಕೆ 30 ಕಿ.ಮೀ. ಓಡಿಸುವವರಿಗೆ ಅದು ಎಂಟು ವರ್ಷ ದಾಟುತ್ತದೆ, ಅಷ್ಟರಲ್ಲಿ ಬ್ಯಾಟರಿಗೇ ವಯಸ್ಸಾಗಿರುತ್ತದೆ. ದಿನಕ್ಕೆ 80 ಕಿ.ಮೀ. ಓಡಿಸುವವರಿಗೆ ಸುಮಾರು ಮೂರೇ ವರ್ಷ ಸಾಕು, ಆದರೆ ಅವರಿಗೆ ಈ ಬ್ಯಾಟರಿಯ ಓಟ ಸಾಲದು. ಲಾಭ ಯಾರಿಗಿದೆಯೋ ಅವರಿಗೇ ಓಟ ಕೊರತೆ! ಹೊಸ ಟಿಯಾಗೊ ಇವಿ 8 ಲಕ್ಷದ ಆಸುಪಾಸಿನಲ್ಲಿ ಶುರುವಾಗುತ್ತದೆ, ಅದೂ ಕಂಪನಿಯ ಬ್ಯಾಟರಿ ವಾರಂಟಿಯೊಂದಿಗೆ. ಕಾರಿನ ಮೇಲಿನ ಮಮತೆ ಬೇರೆ ಮಾತು. ಬರೀ ಹಣದ ಲೆಕ್ಕವಾದರೆ ಬಹುಪಾಲು ಜನರಿಗೆ ಈ ಬದಲಾವಣೆ ಗಿಟ್ಟುವುದಿಲ್ಲ ಎಂಬುದೇ ನನ್ನ ಅಭಿಪ್ರಾಯ.

ಆದರೂ ಮಾಡಿಸುವುದೇ ಎಂದು ತೀರ್ಮಾನಿಸಿದವರು ವಿಮೆಯನ್ನು ಕೊನೆಗೆ ತಳ್ಳಬಾರದು. 2022ರ ದರಪಟ್ಟಿಯಂತೆ 1000 ಸಿಸಿಗಿಂತ ಸಣ್ಣ ಕಾರಿನ ಥರ್ಡ್ ಪಾರ್ಟಿ ಕಂತು 2,094 ರೂಪಾಯಿ, 30 ಕಿಲೊವ್ಯಾಟ್ ಒಳಗಿನ ವಿದ್ಯುತ್ ಕಾರಿನದು 1,780. ಉಳಿತಾಯ ಚಿಕ್ಕದು, ಅಪಾಯ ಇರುವುದು ಬೇರೆಡೆ. ಪಾಲಿಸಿಯಲ್ಲಿ ಪೆಟ್ರೋಲ್ ಎಂದಿದ್ದು ಕಾರಿನಲ್ಲಿ ಬ್ಯಾಟರಿ ಇದ್ದರೆ, ಬೆಂಕಿ ಬಿದ್ದ ದಿನ ಕ್ಲೇಮ್ ತಿರಸ್ಕರಿಸಲು ವಿಮಾ ಕಂಪನಿಗೆ ಅಷ್ಟೇ ಸಾಕು. ಆರ್‌ಸಿ ಬದಲಾದೊಡನೆ ಪಾಲಿಸಿಯಲ್ಲೂ ಬದಲಾಯಿಸಿಕೊಳ್ಳಬೇಕು. ವಿಮೆಯ ಮೌಲ್ಯವನ್ನೂ ನೋಡಿಕೊಳ್ಳಿ: 80 ಸಾವಿರಕ್ಕೆ ವಿಮೆ ಇಳಿಸಿದ ಕಾರಿನಲ್ಲಿ 5 ಲಕ್ಷದ ಕಿಟ್ ಇದ್ದರೂ ಕೈಗೆ ಬರುವುದು 80 ಸಾವಿರವೇ. ಕಿಟ್‌ನ ಬಿಲ್ ಕೊಟ್ಟು ಮೌಲ್ಯ ಏರಿಸಲು ಕಂಪನಿ ಒಪ್ಪುತ್ತದೆಯೇ, ಗ್ಯಾರೇಜಿನಿಂದ ಆರ್‌ಟಿಒ ತಪಾಸಣೆಗೆ ಒಯ್ಯುವ ದಿನಗಳಿಗೂ ರಕ್ಷಣೆ ಇದೆಯೇ ಎಂದು ಮೊದಲೇ ಇಮೇಲ್ ಬರೆದು ಕೇಳಿ. ಏಜೆಂಟರ ಬಾಯಿಮಾತು ಸಾಲದು. ಒಪ್ಪಿಗೆಯ ಉತ್ತರ ಬರವಣಿಗೆಯಲ್ಲಿ ಕೈಸೇರುವವರೆಗೂ ಕಿಟ್‌ಗೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ.