ಉತ್ತರ ತಪ್ಪು, ಅಂಕ ಎಷ್ಟು?

ಹತ್ತನೇ ತರಗತಿಯ ವರ್ಗಸಮೀಕರಣದ ಪಾಠದಲ್ಲಿ ಬರುವಂಥ ಒಂದು ಲೆಕ್ಕ: ಬಸ್ಸೊಂದು 240 ಕಿ.ಮೀ. ದೂರವನ್ನು ಒಂದೇ ಜವದಲ್ಲಿ ಸಾಗುತ್ತದೆ. ಜವ ಗಂಟೆಗೆ 20 ಕಿ.ಮೀ. ಹೆಚ್ಚಿದ್ದರೆ ಒಂದು ಗಂಟೆ ಮೊದಲೇ ತಲುಪುತ್ತಿತ್ತು. ಹಾಗಾದರೆ ಬಸ್ಸಿನ ಜವ ಎಷ್ಟು? ಇದಕ್ಕೆ ನಾಲ್ಕು ಅಂಕ.

ಜವವನ್ನು x ಎಂದಿಟ್ಟುಕೊಂಡರೆ 240/x − 240/(x+20) = 1. ಬಿಡಿಸಿ ಬರೆದರೆ x² + 20x − 4800 = 0. ಅಪವರ್ತಿಸಿದರೆ 60 ಮತ್ತು −80 ಸಿಗುತ್ತವೆ. ಜವ ಋಣಸಂಖ್ಯೆಯಾಗಲಾರದು, ಆದ್ದರಿಂದ ಉತ್ತರ ಗಂಟೆಗೆ 60 ಕಿ.ಮೀ. ಶಾಲೆಯ ಪರೀಕ್ಷೆಗೆ ಮಾದರಿ ಉತ್ತರ ಬರೆಯುವವರು ಸಾಮಾನ್ಯವಾಗಿ ಈ ಸಾಲುಗಳ ಪಕ್ಕದಲ್ಲೇ ಅರ್ಧ, ಒಂದು ಎಂದು ಅಂಕ ನಮೂದಿಸಿಬಿಡುತ್ತಾರೆ. ಮಕ್ಕಳ ಬಾಯಲ್ಲಿ ‘ಸ್ಟೆಪ್ ಮಾರ್ಕ್ಸ್’ ಎನ್ನುವುದು ಇದೇ. ತೊಂದರೆ ಹುಟ್ಟುವುದೂ ಇಲ್ಲೇ.

ಒಬ್ಬ ಹುಡುಗಿ ಜವದ ಬದಲು ಪ್ರಯಾಣದ ಸಮಯವನ್ನೇ t ಎಂದಿಟ್ಟುಕೊಂಡಳು ಎನ್ನಿ. ಅವಳ ಸಮೀಕರಣ (240/t + 20)(t − 1) = 240. ಅದು t² − t − 12 = 0 ಎಂದು ಸರಳವಾಗುತ್ತದೆ, ಸಮಯ 4 ಗಂಟೆ, ಜವ 60. ಮಾದರಿ ಉತ್ತರಕ್ಕಿಂತ ಇದೇ ಚೆಂದದ ದಾರಿ. ಆದರೆ ‘x² + 20x − 4800 = 0 ಎಂದು ಬರೆದರೆ ½ ಅಂಕ’ ಎಂದಿರುವ ಪಟ್ಟಿಯಲ್ಲಿ ಅವಳಿಗೆ ಜಾಗವಿಲ್ಲ. ಹಾಗಾಗಿ ಅಂಕವನ್ನು ಸಾಲಿಗಲ್ಲ, ಆ ಸಾಲಿನ ಹಿಂದಿನ ಕೆಲಸಕ್ಕೆ ಕಟ್ಟಬೇಕು. ನಾನಾದರೆ ಹೀಗೆ ಹಂಚುತ್ತೇನೆ: ಒಂದು ಅವ್ಯಕ್ತವನ್ನು ಹೆಸರಿಸಿ ಎರಡೂ ಪ್ರಯಾಣಗಳನ್ನು ಅದರ ಮೂಲಕ ಹೇಳಿದ್ದಕ್ಕೆ 1, ಅವೆರಡನ್ನು ಜೋಡಿಸಿ ಸರಿಯಾದ ಸಮೀಕರಣ ಕಟ್ಟಿದ್ದಕ್ಕೆ 1, ಆದರ್ಶ ರೂಪಕ್ಕೆ ತಂದಿದ್ದಕ್ಕೆ ½, ಬಿಡಿಸುವ ಸರಿಯಾದ ವಿಧಾನ ಹಿಡಿದಿದ್ದಕ್ಕೆ ½, ಮೂಲಗಳು ಸರಿ ಬಂದಿದ್ದಕ್ಕೆ ½, ಸಲ್ಲದ ಮೂಲವನ್ನು ಬಿಟ್ಟು, ಕೇಳಿದ್ದಕ್ಕೆ ಮಾನದೊಂದಿಗೆ ಉತ್ತರಿಸಿದ್ದಕ್ಕೆ ½. ಅರ್ಧದಷ್ಟು ಅಂಕ ಸಮೀಕರಣ ಕಟ್ಟುವಷ್ಟರಲ್ಲೇ ಮುಗಿದದ್ದು ಬೇಕೆಂದೇ. ಬರಿಯ ವರ್ಗಸಮೀಕರಣ ಬಿಡಿಸಲು ಬರುತ್ತದೆಯೇ ಎಂದು ನೋಡುವುದಕ್ಕೆ ಬಸ್ಸಿನ ಕಥೆ ಬೇಕಿಲ್ಲ.

ಇನ್ನು ತಪ್ಪುಗಳ ಮಾತು. ಒಬ್ಬ ಅಪವರ್ತಿಸುವಾಗ ಚಿಹ್ನೆ ತಿರುಗಿಸಿ (x − 80)(x + 60) = 0 ಎಂದು ಬರೆದ; −60 ಬಿಟ್ಟು, ಜವ ಗಂಟೆಗೆ 80 ಕಿ.ಮೀ. ಎಂದ. ಅವನು ಕಳೆದುಕೊಳ್ಳಬೇಕಾದದ್ದು ಮೂಲಗಳ ½ ಅಂಕ ಮಾತ್ರ. ಕೊನೆಯ ಹಂತದ ತರ್ಕ ಅವನ ಸಂಖ್ಯೆಗಳಿಗೆ ಸರಿಯಾಗಿಯೇ ಇದೆ, ಹಾಗಾಗಿ 3½ ಸಲ್ಲಬೇಕು. ಒಂದು ತಪ್ಪಿಗೆ ಎರಡು ಸಲ ದಂಡ ಬೇಡ. ಬ್ರಿಟನ್ನಿನ ಜಿಸಿಎಸ್‌ಇ ಪರೀಕ್ಷೆಯ ಅಂಕಪಟ್ಟಿಗಳಲ್ಲಿ ವಿಧಾನದ ಅಂಕವನ್ನೂ ನಿಖರತೆಯ ಅಂಕವನ್ನೂ ಬೇರೆ ಬೇರೆಯಾಗಿ ಗುರುತಿಸಿ, ಮೊದಲ ತಪ್ಪನ್ನು ಹಿಂಬಾಲಿಸಿ ಮುಂದಿನದಕ್ಕೆ ಅಂಕ ಕೊಡಬಹುದಾದ ಕಡೆ ಹಾಗೆಂದು ಬರೆದೇ ಇರುತ್ತಾರೆ. ನಮ್ಮಲ್ಲೂ ಅನುಭವಿ ಮೌಲ್ಯಮಾಪಕರು ಇದನ್ನು ಮಾಡುತ್ತಾರೆ, ಆದರೆ ಬರಹದಲ್ಲಿ ಇಲ್ಲದಿದ್ದರೆ ಅದು ಅವರವರ ಉದಾರತೆಗೆ ಬಿಟ್ಟ ಮಾತಾಗುತ್ತದೆ.

ಹಿಂಬಾಲಿಸುವುದಕ್ಕೂ ಮಿತಿ ಬೇಕು. ‘ಒಂದು ಗಂಟೆ ಮೊದಲೇ’ ಎನ್ನುವುದನ್ನು ‘ಒಂದೇ ಗಂಟೆಯಲ್ಲಿ’ ಎಂದು ಓದಿದವನು 240/(x + 20) = 1 ಎಂದು ಬರೆದು 220 ಎಂದು ಮುಗಿಸುತ್ತಾನೆ. ಅವನ ಮುಂದಿನ ಸಾಲುಗಳಲ್ಲಿ ತಪ್ಪಿಲ್ಲ, ಆದರೆ ವರ್ಗಸಮೀಕರಣವೇ ಮಾಯವಾಗಿದೆ. ಮಾಡದ ಕೆಲಸಕ್ಕೆ ಅಂಕ ಎಲ್ಲಿಂದ ಬರಬೇಕು? ಹೆಚ್ಚಿದ ಜವದ ಪ್ರಯಾಣವನ್ನಾದರೂ ಸರಿಯಾಗಿ ಹೇಳಿದ್ದಾನೆ ಎಂದು ½ ಕೊಡಬಹುದು, ಅಷ್ಟೇ. ತಪ್ಪಿನಿಂದ ಲೆಕ್ಕ ಹಗುರವಾದರೆ, ಹಗುರವಾದ ಭಾಗದ ಅಂಕ ಹೋಗುತ್ತದೆ ಎಂದು ಪಟ್ಟಿಯಲ್ಲಿ ಒಂದು ವಾಕ್ಯ ಇರಲಿ.

ಉಲ್ಟಾ ಸಂಗತಿಯೂ ಇದೆ. ಕಳೆಯುವ ಕ್ರಮ ಅದಲುಬದಲಾದರೆ x² + 20x + 4800 = 0 ಬರುತ್ತದೆ; ಇದರ ಶೋಧಕ −18800, ಅಂದರೆ ವಾಸ್ತವ ಮೂಲಗಳೇ ಇಲ್ಲ. ಅಲ್ಲಿಯವರೆಗೆ ಬಂದು ‘ಮೂಲಗಳಿಲ್ಲ, ಸಮೀಕರಣದಲ್ಲೇ ಏನೋ ತಪ್ಪಿದೆ’ ಎಂದು ಬರೆದವಳಿಗೆ ಸಮೀಕರಣದ ಅಂಕ ಹೋದರೂ ಆದರ್ಶ ರೂಪದ್ದು, ವಿಧಾನದ್ದು ಸಿಗಬೇಕು. ಅದೇ ಜಾಗದಲ್ಲಿ ಕಾರಣ ಹೇಳದೆ ಕೂಡಿಸುವ ಚಿಹ್ನೆಯನ್ನು ಕಳೆಯುವುದನ್ನಾಗಿ ಮಾಡಿ 60 ತಂದವನ ಉತ್ತರಕ್ಕೆ ಕೊನೆಯ ಹಂತಗಳ ಅಂಕ ಸಲ್ಲದು. ಸರಿಯುತ್ತರ ಕಂಡೊಡನೆ ಕೆಂಪು ಪೆನ್ನು ಟಿಕ್ ಹಾಕಲು ಓಡುತ್ತದೆ. ಆದ್ದರಿಂದ ಚಿಹ್ನೆ ಎಲ್ಲಿ ಬದಲಾಯಿತು ಎಂದು ಹುಡುಕುವ ಸೂಚನೆ ಪಟ್ಟಿಯಲ್ಲೇ ಇರಬೇಕು.

ಅತಿ ಜಗಳದ ಪ್ರಕರಣ ಕೊನೆಗೆ: ಸಮೀಕರಣವೇ ಇಲ್ಲದೆ, ‘60ರಲ್ಲಿ 4 ಗಂಟೆ, 80ರಲ್ಲಿ 3 ಗಂಟೆ, ಸರಿಹೋಯಿತು’ ಎಂದವನು. ಪ್ರಶ್ನೆಯಲ್ಲಿ ‘ಸಮೀಕರಣ ರಚಿಸಿ ಬಿಡಿಸಿ’ ಎಂದಿದ್ದರೆ ಅವನಿಗೆ ಹೆಚ್ಚೆಂದರೆ 1 ಅಂಕ. ಹಾಗಿಲ್ಲದಿದ್ದರೆ ನಾನು 3 ಕೊಡುತ್ತೇನೆ. ಜವ ಹೆಚ್ಚಿದಂತೆ ಎರಡು ಸಮಯಗಳ ಅಂತರ ಕಡಿಮೆಯಾಗುತ್ತಲೇ ಹೋಗುತ್ತದೆ, ಆದ್ದರಿಂದ 60 ಬಿಟ್ಟು ಬೇರೆ ಉತ್ತರವಿಲ್ಲ ಎಂದೂ ತೋರಿಸಿದ್ದರೆ ಪೂರ್ತಿ 4. ಒಪ್ಪದವರು ಇದ್ದೇ ಇರುತ್ತಾರೆ. ಅದಕ್ಕೇ ಮೌಲ್ಯಮಾಪನ ಶುರುವಾಗುವ ಮುನ್ನ ಒಂದಿಷ್ಟು ಉತ್ತರಪತ್ರಿಕೆಗಳನ್ನು ಇಬ್ಬರು ಬೇರೆ ಬೇರೆ ಕೂತು ತಿದ್ದಬೇಕು. ಒಂದೇ ಉತ್ತರಕ್ಕೆ ಒಬ್ಬರು 2, ಇನ್ನೊಬ್ಬರು 3½ ಕೊಟ್ಟಿದ್ದರೆ, ಇಬ್ಬರ ನಡುವೆ ಸರಾಸರಿ ತೆಗೆಯುವ ಬದಲು, ಯಾವ ಹಂತದ ವಿವರಣೆಯನ್ನು ಇಬ್ಬರೂ ಬೇರೆ ಬೇರೆ ಅರ್ಥದಲ್ಲಿ ಓದಿದರು ಎಂದು ಹುಡುಕಿ ಆ ಸಾಲನ್ನು ತಿದ್ದಿ ಬರೆಯಬೇಕು.